ಅಜ್ಜಿ ಮನೆ ಫೋಟೊಗೆ ಎರಡು ಭಾಷೆಯ ಕ್ಯಾಪ್ಷನ್

ಪ್ರಶ್ನೆ: ಮಲ್ಲೇಶ್ವರದ ನಮ್ಮಜ್ಜಿಯ ಹೆಂಚಿನ ಮನೆ ಮಾರಾಟವಾಗಿದೆ, ಅಲ್ಲಿ ಅಪಾರ್ಟ್‌ಮೆಂಟ್ ಬರುತ್ತೆ. ಅಜ್ಜಿ ಹೋಗಿ ಎರಡು ವರ್ಷ ಆಯ್ತು. ಸೋಮವಾರ ಹೆಂಚು ಇಳಿಸ್ತೀವಿ, ಶುಕ್ರವಾರದೊಳಗೆ ಗೋಡೆ ಕೆಡವ್ತೀವಿ ಅಂತ ಕಂಟ್ರಾಕ್ಟರ್ ಹೇಳಿದಾರೆ. ಮುಚ್ಚಿದ ಬಾಗಿಲಿನ ಫೋಟೊ ಇನ್‌ಸ್ಟಾಗ್ರಾಮಿಗೆ ಹಾಕಬೇಕು. ಮನೆಯವರೂ ನೋಡ್ತಾರೆ, ಕನ್ನಡ ಬಾರದ ಆಫೀಸಿನವರೂ ನೋಡ್ತಾರೆ. ಹೀಗೆ ಬರೆದೆ, ಯಾಕೋ ಬಸ್‌ಸ್ಟಾಪಿನ ಬೋರ್ಡ್ ಥರ ಕಾಣ್ತಿದೆ. ಏನು ಮಾಡಲಿ?

```
ಅಜ್ಜಿಯ ಮನೆಗೆ ವಿದಾಯ. ಮರೆಯಲಾಗದ ನೆನಪುಗಳು.
Goodbye to Ajji's house. Unforgettable memories.
```

ಉತ್ತರ: ಬೋರ್ಡ್ ಥರ ಕಾಣುತ್ತಿರುವುದು ನಿಮ್ಮ ಭ್ರಮೆಯಲ್ಲ. ಬೋರ್ಡಿನಲ್ಲಿ ಒಂದೇ ಮಾತನ್ನು ಎರಡು ಸಲ ಬರೆಯುವುದು ಸರಿ, ಏಕೆಂದರೆ ಓದುವವನಿಗೆ ಅದರಲ್ಲಿ ಒಂದು ಸಾಲು ಸಾಕು, ಇನ್ನೊಂದು ಬೇರೆಯವನಿಗೆ. 2024ರಲ್ಲಿ ಕಾನೂನಿಗೆ ತಿದ್ದುಪಡಿಯಾದ ಮೇಲೆ ನಮ್ಮ ಅಂಗಡಿ ಬೋರ್ಡುಗಳಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು. ಆದರೂ ಅಲ್ಲಿ ಎರಡು ಭಾಷೆಗಳು ಒಂದನ್ನೊಂದು ಮಾತಾಡಿಸುವುದಿಲ್ಲ, ಅಕ್ಕಪಕ್ಕ ನಿಂತಿರುತ್ತವೆ ಅಷ್ಟೆ. ನಿಮ್ಮ ಪೋಸ್ಟ್ ನೋಡುವವರಲ್ಲಿ ಬಹಳಷ್ಟು ಜನಕ್ಕೆ ಎರಡೂ ಬರುತ್ತದೆ. ಅವರು ಮೊದಲ ಸಾಲು ಓದಿ ಎರಡನೆಯದಕ್ಕೆ ಕಣ್ಣು ಹಾಯಿಸಿದ ಕೂಡಲೇ "ಓ, ಅದೇನೇ" ಎಂದು ಬಿಟ್ಟುಬಿಡುತ್ತಾರೆ. ಆಗುವ ನಷ್ಟ ಎರಡನೇ ಸಾಲಿನದು ಮಾತ್ರವಲ್ಲ. ಮೊದಲ ಸಾಲು ಯಾರಿಗೋ ಹೇಳಿದ ಮಾತಿನಂತೆ ಕೇಳಿದ್ದರೆ, ಕೆಳಗೆ ಅದರ ಅನುವಾದ ಕಂಡೊಡನೆ ಅದೂ ಪ್ರಕಟಣೆಯಾಗಿಬಿಡುತ್ತದೆ.

ಭಾಷೆ ಬದಲಿಸುವುದರಿಂದ ಮಾತಿನಲ್ಲಿ ಏನೇನು ಕೆಲಸ ಆಗುತ್ತದೆ ಎಂದು 1982ರಲ್ಲಿ ವಿಂಗಡಿಸಿದವರು ಭಾಷಾವಿಜ್ಞಾನಿ ಜಾನ್ ಗಂಪರ್ಜ್. ಸಾಂಗ್ಲಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಕನ್ನಡ, ಮರಾಠಿ, ಉರ್ದು ಹೇಗೆ ಒಂದರೊಳಗೊಂದು ಬೆರೆತಿವೆ ಎಂದು ನೋಡಿದವರು ಅವರೇ, ಹಾಗಾಗಿ ನಮ್ಮ ಕಡೆಗೆ ತೀರಾ ಹೊರಗಿನವರಲ್ಲ. ಅವರ ಪಟ್ಟಿಯಲ್ಲಿ ಆರು ಕೆಲಸಗಳಿವೆ. ಹೇಳಿದ್ದನ್ನೇ ಇನ್ನೊಂದು ಭಾಷೆಯಲ್ಲಿ ಮತ್ತೆ ಹೇಳುವುದು ಅದರಲ್ಲಿ ಒಂದು ಮಾತ್ರ. ನೀವು ಬಳಸಿರುವುದು ಅದನ್ನೇ. ನಿಮ್ಮ ಫೋಟೊಗೆ ಹೆಚ್ಚು ಒದಗುವ ಇನ್ನೆರಡು ಅದೇ ಪಟ್ಟಿಯಲ್ಲಿವೆ: ಯಾರನ್ನು ಉದ್ದೇಶಿಸಿ ಮಾತಾಡುತ್ತಿದ್ದೀರಿ ಎಂದು ಭಾಷೆಯಿಂದಲೇ ತೋರಿಸುವುದು, ಮತ್ತು ಒಂದೇ ಸಂಗತಿಯನ್ನು ಒಂದು ಕಡೆ ಮನೆಯೊಳಗಿನ ಮಾತಾಗಿ, ಇನ್ನೊಂದು ಕಡೆ ದೂರ ನಿಂತ ವರದಿಯಾಗಿ ಇಡುವುದು.

ಹಾಗಾಗಿ ಪದ ಹುಡುಕುವುದಕ್ಕೆ ಮೊದಲು ಒಂದು ಚೀಟಿಯಲ್ಲಿ, ನಿಮಗೆ ಬಂದ ಭಾಷೆಯಲ್ಲಿ, ಈ ಫೋಟೊದ ಬಗ್ಗೆ ಹೇಳಬೇಕೆನಿಸುವ ನಾಲ್ಕೈದು ಸಂಗತಿ ಬರೆಯಿರಿ. ಭಾವನೆಯ ಹೆಸರು ಬೇಡ, ಸಂಗತಿ ಮಾತ್ರ. ನಿಮ್ಮ ಪ್ರಶ್ನೆಯಲ್ಲೇ ಅವು ಇವೆ: ಅಜ್ಜಿ ಇಲ್ಲ. ಬಾಗಿಲು ಹಾಕಿದೆ. ಸೋಮವಾರ ಹೆಂಚು. ಶುಕ್ರವಾರದೊಳಗೆ ಗೋಡೆ. ಈಗ ಒಂದೊಂದರ ಮುಂದೆಯೂ, ಇದನ್ನು ಯಾರ ಹತ್ತಿರ, ಯಾವ ಭಾಷೆಯಲ್ಲಿ ಬಾಯಿಬಿಟ್ಟು ಹೇಳುತ್ತಿದ್ದೆ ಎಂದು ಗುರುತು ಹಾಕಿ. ಹೆಂಚು ಮತ್ತು ಗೋಡೆಯ ವಿಷಯವನ್ನು ನೀವು ಅಜ್ಜಿಗೆ ಹೇಳುತ್ತಿರಲಿಲ್ಲ, ಹೇಳಲು ಬಾಯಿ ಬರುತ್ತಿರಲಿಲ್ಲ. ಆಫೀಸಿನಲ್ಲಿ ರಜೆ ಕೇಳುವಾಗ ಇಂಗ್ಲಿಷಿನಲ್ಲಿ ಹೇಳುತ್ತಿದ್ದಿರಿ. ಬಾಗಿಲಿನ ಮಾತು ಅಜ್ಜಿಯ ಜೊತೆಗಿನದು, ಅದು ಇಂಗ್ಲಿಷಿನಲ್ಲಿ ಎಂದೂ ಆಗಿಲ್ಲ. ವಿಂಗಡಣೆ ಇಲ್ಲಿಗೇ ಮುಗಿಯಿತು. ಭಾಷೆಯನ್ನು ನೀವು ಆರಿಸುವುದಕ್ಕಿಂತ, ಕೇಳುವವರು ಆರಿಸುತ್ತಾರೆ.

ಮೊದಲು ಕನ್ನಡದ ಸಾಲು. "ವಿದಾಯ" ಎಂಬುದನ್ನು ತೆಗೆಯಿರಿ. ಅದು ನಿವೃತ್ತಿ ಸಮಾರಂಭದ ಬ್ಯಾನರಿನ ಮಾತು, ಮನೆಯ ಹೊಸ್ತಿಲಲ್ಲಿ ಯಾರೂ ಹೇಳುವುದಿಲ್ಲ. ಎರಡು ಭಾಷೆಯ ಕ್ಯಾಪ್ಷನ್‌ಗಳಲ್ಲಿ ಹೆಚ್ಚಾಗಿ ಕಾಣುವ ದೋಷ ಇದೇ: ಇಂಗ್ಲಿಷ್ ಅರ್ಧ ಮಾತಾಡಿದ ಹಾಗೆ ಸಲೀಸಾಗಿರುತ್ತದೆ, ಕನ್ನಡದ ಅರ್ಧ ಮಾತ್ರ ಇಸ್ತ್ರಿ ಮಾಡಿಸಿಕೊಂಡು ಬಂದಿರುತ್ತದೆ. ಆಗ ಓದುವವರಿಗೆ ಇಂಗ್ಲಿಷೇ ನಿಮ್ಮ ನಿಜವಾದ ದನಿ ಅನ್ನಿಸುತ್ತದೆ. ಕನ್ನಡದ ಸಾಲು ನಿಮ್ಮ ಬಾಯಿಂದ ಬಂದ ಹಾಗೇ ಇರಲಿ, "ಬರುತ್ತೇವೆ" ಅಲ್ಲ, "ಬರ್ತೀವಿ". ಧಾರವಾಡದ ಕಡೆಯವರಾದರೆ ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರೋ ಹಾಗೆ.

ನಮ್ಮ ಮನೆಗಳಲ್ಲಿ ಹೊರಡುವಾಗ "ಹೋಗ್ತೀವಿ" ಅನ್ನುವುದಿಲ್ಲ, "ಹೋಗಿ ಬರ್ತೀವಿ" ಅನ್ನುತ್ತೇವೆ. ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ಬಂದ ಮೇಲೆ, ಒಳಗಿರುವವರಿಗೆ "ಬಾಗಿಲು ಹಾಕ್ಕೊ" ಎಂದು ಕೂಗಿ ಹೇಳುತ್ತೇವೆ. ಈ ಎರಡೂ ಮಾತಿನಲ್ಲಿ ಅಳು ಇಲ್ಲ, ದುಃಖದ ಪದವೂ ಇಲ್ಲ, ದಿನಾ ಆಡಿದ ಮಾತುಗಳು. ಆದರೆ ಒಳಗೆ ಯಾರೂ ಇಲ್ಲದ ಮನೆಗೆ, ಮತ್ತೆ ಬರಲಾಗದ ಮನೆಗೆ ಅದನ್ನೇ ಹೇಳಿದರೆ ಅದು ಬೇರೆಯೇ ಮಾತಾಗುತ್ತದೆ. ಅದಕ್ಕೆ ನೀವು ಏನೂ ಸೇರಿಸಬೇಕಿಲ್ಲ. "ಮರೆಯಲಾಗದ ನೆನಪು" ಎಂದು ಬರೆದರೆ ಓದುವವರ ಕೆಲಸವನ್ನು ನೀವೇ ಮಾಡಿಬಿಟ್ಟ ಹಾಗೆ.

ಅಜ್ಜಿಯನ್ನು ನೀವು ಏಕವಚನದಲ್ಲಿ ಕರೆಯುತ್ತಿದ್ದಿರೋ ಬಹುವಚನದಲ್ಲೋ ನನಗೆ ತಿಳಿಯದು. ಬೆಂಗಳೂರಿನ ಮನೆಗಳಲ್ಲಿ ಎರಡೂ ಇದೆ. "ಹಾಕ್ಕೊ" ಅಂದಿದ್ದರೆ ಹಾಗೇ ಬರೆಯಿರಿ, "ಹಾಕ್ಕೊಳ್ಳಿ" ಅಂದಿದ್ದರೆ ಹಾಗೆ. ಲೋಕ ನೋಡುತ್ತದೆ ಎಂದು ಇಲ್ಲಿ ಗೌರವ ಹೆಚ್ಚಿಸಬೇಡಿ, ನಿಮ್ಮ ಚಿಕ್ಕಮ್ಮನ ಮಕ್ಕಳು ಮೊದಲು ಹಿಡಿಯುವುದು ಅದನ್ನೇ. ಇಂಗ್ಲಿಷಿನಲ್ಲಿ ಈ ಸಲಿಗೆ ಕ್ರಿಯಾಪದದ ತುದಿಯಲ್ಲಿ ಕೂರುವುದಿಲ್ಲ. ಅದಕ್ಕೇ ಈ ಸಾಲು ಕನ್ನಡದಲ್ಲಿ ಇರಬೇಕು, ಮತ್ತು ಅದಕ್ಕೇ ಅದರ ಇಂಗ್ಲಿಷ್ ಅನುವಾದ ಕೆಳಗೆ ಬರಬಾರದು.

ಇನ್ನು ಇಂಗ್ಲಿಷ್ ಸಾಲು. ಕನ್ನಡದ ಸಾಲು ಬಾಯಿಬಿಟ್ಟು ಹೇಳದಿರುವುದನ್ನು ಇದು ಹೇಳಬೇಕು, ಒಣಗಿದ ದನಿಯಲ್ಲಿ. ಎರಡೂ ಕಡೆ ಕಣ್ಣೀರು ಇದ್ದರೆ ಮತ್ತೆ ಅನುವಾದವೇ ಆಯಿತು, ಪದ ಬೇರೆ ಅಷ್ಟೆ. ಮೊದಲ ಯತ್ನಕ್ಕೆ ಹೀಗೆ ಬರೆಯಬಹುದು:

```
ಬಾಗಿಲು ಹಾಕ್ಕೊ ಅಜ್ಜಿ, ಹೋಗಿ ಬರ್ತೀವಿ.
They start with the roof on Monday.
```

ಇದು ಬೋರ್ಡಿನಂತಿಲ್ಲ, ಆದರೆ ಇಂಗ್ಲಿಷಿನಲ್ಲಿ ಒಂದು ತೊಡಕಿದೆ. ಕನ್ನಡ ಬಾರದ ನಿಮ್ಮ ಸಹೋದ್ಯೋಗಿ ಬರೀ ಎರಡನೇ ಸಾಲು ಓದುತ್ತಾರೆ. ಸೋಮವಾರ ಸೂರಿನಿಂದ ಕೆಲಸ ಶುರು ಎಂದರೆ ರಿಪೇರಿಯೂ ಇರಬಹುದು. "ಮನೆ ರೆನೊವೇಟ್ ಮಾಡಿಸ್ತಿದೀರಾ, ಕಂಗ್ರಾಟ್ಸ್" ಎಂದು ಹಾರ್ಟ್ ಹಾಕಿ ಹೋದರೆ ಅವರನ್ನು ದೂರುವಂತಿಲ್ಲ. ಇಂಥದ್ದನ್ನು ಹಿಡಿಯಲು ಸುಲಭದ ದಾರಿ: ಒಂದು ಸಾಲನ್ನು ಬೆರಳಿನಿಂದ ಮುಚ್ಚಿ ಇನ್ನೊಂದನ್ನು ಮಾತ್ರ ಫೋಟೊ ಜೊತೆ ಓದಿ, ಆಮೇಲೆ ಅದಲುಬದಲು ಮಾಡಿ. ಮುಚ್ಚಿದ್ದರಿಂದ ಏನೂ ಕಳೆದುಹೋಗಲಿಲ್ಲ ಎಂದರೆ ಅದು ಅನುವಾದ. ಉಳಿದ ಸಾಲು ತಾನಾಗಿ ನಿಲ್ಲಲಿಲ್ಲ, ಅಥವಾ ತಪ್ಪು ಅರ್ಥ ಕೊಟ್ಟಿತು ಎಂದರೆ ಅದು ಒಗಟು. ನಿಮಗೆ ಬೇಕಾದದ್ದು ನಡುವಿನದು, ಒಂಟಿಯಾಗಿಯೂ ನಿಲ್ಲುತ್ತದೆ, ಜೊತೆಗಿದ್ದಾಗ ಹೆಚ್ಚುತ್ತದೆ. ಎರಡೂ ಭಾಷೆ ಬಲ್ಲ ನೀವೇ ಮುಚ್ಚಿ ಓದಿದರೆ ಮನಸ್ಸು ಮುಚ್ಚಿದ್ದನ್ನೂ ಓದಿಬಿಡುತ್ತದೆ. ಹಾಗಾಗಿ ಕನ್ನಡ ಬಾರದ ಒಬ್ಬರಿಗೆ ಇಂಗ್ಲಿಷ್ ಸಾಲು ಮತ್ತು ಫೋಟೊ ಮಾತ್ರ ಕಳಿಸಿ, "ಇಲ್ಲಿ ಏನಾಗ್ತಿದೆ?" ಎಂದು ಕೇಳಿ. ಮನೆಯ ಹಿರಿಯರೊಬ್ಬರಿಗೆ ಕನ್ನಡದ ಸಾಲನ್ನು ಓದಿ ಹೇಳಿ. ಚೆನ್ನಾಗಿದೆಯಾ ಎಂದು ಮಾತ್ರ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ.

ತಿದ್ದುವುದಕ್ಕೆ ಹೊಸ ಕಲ್ಪನೆ ಬೇಕಿಲ್ಲ. ಕಂಟ್ರಾಕ್ಟರ್ ಕೊಟ್ಟ ದಿನಗಳೇ ಸಾಕು, ಅವು ಈಗಾಗಲೇ ವರದಿಯ ಭಾಷೆಯಲ್ಲಿವೆ:

```
ಬಾಗಿಲು ಹಾಕ್ಕೊ ಅಜ್ಜಿ, ಹೋಗಿ ಬರ್ತೀವಿ.

Tiles on Monday. Walls by Friday.
```

ಗೋಡೆ ಬಂದೊಡನೆ ರಿಪೇರಿಯ ಅನುಮಾನ ಹೋಯಿತು. ಕ್ರಿಯಾಪದವೇ ಇಲ್ಲದ್ದರಿಂದ ಅದು ಕೆಲಸದ ಪಟ್ಟಿಯಂತೆ ಕೇಳುತ್ತದೆ, ಯಾರ ಮೇಲೂ ಸಿಟ್ಟಿಲ್ಲ. ಮೇಲಿನ ಸಾಲು ಬರ್ತೀವಿ ಎಂದು ಮಾತು ಕೊಡುತ್ತದೆ, ಕೆಳಗಿನದು ಬರಲು ಜಾಗ ಇರುವುದಿಲ್ಲ ಎಂದು ತಿಳಿಸುತ್ತದೆ. ಎರಡೂ ಬಲ್ಲವರಿಗೆ ಭಾವ ಹುಟ್ಟುವುದು ಈ ಎರಡರ ನಡುವೆ. ಕನ್ನಡ ಬಾರದವರಿಗೆ ಸಂಗತಿ ಪೂರ್ತಿ ಸಿಕ್ಕಿತು. ಮೇಲೆ ಇನ್ನೊಂದು ಮಾತು ತಮಗಲ್ಲದ ಯಾರಿಗೋ ಹೇಳಿದ್ದು ಎಂಬುದೂ ಅವರಿಗೆ ಗೊತ್ತಾಗುತ್ತದೆ. ಅದು ಅವರನ್ನು ಹೊರಗಿಟ್ಟಂತಲ್ಲ. ಸಾವಿನ ಮನೆಯಲ್ಲೂ ಮದುವೆ ಮನೆಯಲ್ಲೂ ನಾವು ಅರ್ಥವಾಗದ ಭಾಷೆಯ ಪಕ್ಕ ಸುಮ್ಮನೆ ನಿಂತೇ ಇರುತ್ತೇವಲ್ಲ.

ಯಾವ ಸಾಲು ಮೊದಲು ಎಂಬುದು ಸಣ್ಣ ಪ್ರಶ್ನೆಯಲ್ಲ. ಕೊನೆಯಲ್ಲಿ ಬಂದದ್ದೇ ಕಿವಿಯಲ್ಲಿ ಉಳಿಯುತ್ತದೆ. ಇಂಗ್ಲಿಷ್ ಕೆಳಗಿದ್ದರೆ ಕ್ಯಾಪ್ಷನ್ ಒಂದು ಪೆಟ್ಟಿನಿಂದ ಮುಗಿಯುತ್ತದೆ. ತಿರುಗಿಸಿ ಇಂಗ್ಲಿಷನ್ನು ಮೇಲೆ ಹಾಕಿದರೆ, ಮೊದಲು ಸುದ್ದಿ ತಿಳಿದು, ಆಮೇಲೆ ತಿಳಿದೂ ಹೇಳುವ "ಹೋಗಿ ಬರ್ತೀವಿ" ಬರುತ್ತದೆ. ಅದು ಹೆಚ್ಚು ಮೃದು, ಸ್ವಲ್ಪ ಅಳು ಜಾಸ್ತಿ. ನನ್ನ ಮತ ಕನ್ನಡ ಮೇಲೆ ಇರಲಿ ಎಂದು, ಏಕೆಂದರೆ ಬರ್ತೀವಿ ಎನ್ನುವಾಗ ಓದುವವರಿಗೆ ಅನುಮಾನ ಇರಬಾರದು. ನಿಮ್ಮ ಮನೆಯವರೇ ಹೆಚ್ಚಾಗಿ ನೋಡುವ ಖಾತೆಯಾದರೆ ತಿರುಗಿಸುವುದೂ ಸರಿ, ಅವರಿಗೆ ಸುದ್ದಿ ಹೇಗೂ ಗೊತ್ತು.

ಪರದೆಯ ಮೇಲೆ ಇದು ಹೇಗೆ ಕೂರುತ್ತದೆ ಎನ್ನುವುದನ್ನೂ ನೋಡಬೇಕು. ಇನ್‌ಸ್ಟಾಗ್ರಾಮ್ ಕ್ಯಾಪ್ಷನ್‌ಗೆ 2,200 ಅಕ್ಷರಗಳ ಮಿತಿ ಇದೆ, ಫೀಡಿನಲ್ಲಿ ಮಾತ್ರ ಸುಮಾರು 125ರ ಆಚೆ ಮಡಚಿಬಿಡುತ್ತದೆ. ಇಲ್ಲಿ ಎಣಿಕೆ ನಮ್ಮ ವರ್ಣಮಾಲೆಯ ಲೆಕ್ಕದಲ್ಲಿ ಆಗುವುದಿಲ್ಲ. ಕಂಪ್ಯೂಟರಿಗೆ ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರದೊಳಗೆ ಅಡಗಿದ ವಿರಾಮ ಎಲ್ಲ ಬೇರೆ ಬೇರೆ. "ರ್ತೀ" ನಮಗೆ ಒಂದು, ಅದಕ್ಕೆ ನಾಲ್ಕು. ನಿಮ್ಮ ಕನ್ನಡದ ಸಾಲಿನಲ್ಲಿ ನಾವು ಎಣಿಸುವ ಅಕ್ಷರ 12, ಯೂನಿಕೋಡ್ ಲೆಕ್ಕದಲ್ಲಿ ಚುಕ್ಕಿ, ಜಾಗ ಸೇರಿ 34. ಇಂಗ್ಲಿಷ್ ಸಾಲು 33. ಒಟ್ಟು 70ರ ಒಳಗೇ ಮುಗಿಯುತ್ತದೆ, ಆ ಭಯವಿಲ್ಲ. ಕನ್ನಡದಲ್ಲಿ ಉದ್ದವಾಗಿ ಬರೆಯುವವರಿಗೆ ಮಾತ್ರ, ಕಣ್ಣಿಗೆ ಚಿಕ್ಕದಾಗಿ ಕಂಡರೂ ಮಿತಿ ಬೇಗ ಮುಗಿಯುತ್ತದೆ ಎಂಬುದು ನೆನಪಿರಲಿ.

ಆದರೆ ಈ ಎರಡು ಸಾಲು ಉದ್ದದಲ್ಲಿ ಹೆಚ್ಚುಕಮ್ಮಿ ಸಮ, ಅದೇ ಇಲ್ಲಿರುವ ತೊಂದರೆ. ಸಮ ಉದ್ದದ ಎರಡು ಲಿಪಿ ಒಂದರ ಕೆಳಗೊಂದು ಕಂಡರೆ ಬೆಂಗಳೂರಿನ ಕಣ್ಣು ಓದುವ ಮೊದಲೇ ಅದನ್ನು ಬೋರ್ಡ್ ಎಂದು ತೀರ್ಮಾನಿಸುತ್ತದೆ. ಮೇಲೆ ಒಂದು ಖಾಲಿ ಸಾಲು ಬಿಟ್ಟದ್ದು ಅದಕ್ಕೇ. ನಡುವೆ ಓರೆಗೆರೆ ಹಾಕಬೇಡಿ, ಓರೆಗೆರೆ ಎಂದರೆ "ಇದೇ ಅದು" ಎಂದು ಅರ್ಥ. ಖಾಲಿ ಸಾಲಿಗೂ ಒಂದು ಬೆಲೆ ಇದೆ: ಮಡಿಕೆ ಬರುವುದು ಅಕ್ಷರದಿಂದಷ್ಟೇ ಅಲ್ಲ, ಸಾಲುಗಳಿಂದಲೂ. ಮೊದಲ ಸಾಲಿನಲ್ಲಿ ನಿಮ್ಮ ಖಾತೆಯ ಹೆಸರೂ ಜಾಗ ತಿನ್ನುತ್ತದೆ. ಕೆಲವು ಫೋನುಗಳಲ್ಲಿ ಇಂಗ್ಲಿಷ್ ಸಾಲು ಮಡಿಕೆಯೊಳಗೆ ಹೋಗಬಹುದು. ಹಾಕಿದ ಮೇಲೆ ಬೇರೆ ಯಾರದಾದರೂ ಫೋನಿನಲ್ಲಿ ನೋಡಿ. ಕನ್ನಡ ಬಾರದವರು ನಿಮಗೆ ಮುಖ್ಯವಾಗಿದ್ದು ಅವರ ಸಾಲು ಅಡಗಿದ್ದರೆ, ಎಡಿಟ್ ಮಾಡಿ ಖಾಲಿ ಸಾಲು ತೆಗೆಯಿರಿ. ಮನೆಯವರೇ ಮುಖ್ಯವಾದರೆ ಮಡಿಕೆ ಇರಲಿ, ಅದನ್ನು ಬಿಡಿಸಿದಾಗ ದಿನಾಂಕಗಳು ಸಿಗುತ್ತವೆ.

ಒಂದೇ ವಾಕ್ಯದೊಳಗೆ ಎರಡು ಭಾಷೆ ಬೆರೆಸಿದರೆ ಹೇಗೆ ಎಂದು ನೀವು ಕೇಳಿಲ್ಲ, ಆದರೆ ಮುಂದಿನ ಯತ್ನ ಸಾಮಾನ್ಯವಾಗಿ ಅದೇ ಆಗಿರುತ್ತದೆ. ಕನ್ನಡ ಮತ್ತು ಇಂಗ್ಲಿಷ್ ಬೆರಕೆಯ ವ್ಯಾಕರಣವನ್ನು ಎಸ್. ಎನ್. ಶ್ರೀಧರ್ ಮತ್ತು ಕಮಲ್ ಶ್ರೀಧರ್ 1980ರಲ್ಲೇ ವಿವರಿಸಿದ್ದಾರೆ. ಅವರ ಹೋಲಿಕೆ ಆತಿಥೇಯ ಮತ್ತು ಅತಿಥಿಯದು: ವಾಕ್ಯ ಒಂದು ಭಾಷೆಯದು, ಅದರೊಳಗೆ ಬಂದ ಪದಗುಚ್ಛ ಇನ್ನೊಂದರದು. ಅತಿಥಿ ತನ್ನೊಳಗಿನ ಕ್ರಮವನ್ನು ಉಳಿಸಿಕೊಳ್ಳಬಹುದು, ಆದರೆ ಎಲ್ಲಿ ಕೂರಬೇಕು ಎಂಬುದನ್ನು ಆತಿಥೇಯ ನಿರ್ಧರಿಸುತ್ತದೆ. ನಮ್ಮ ಮಾತಿನಲ್ಲಿ ಅದು ತಾನಾಗಿ ಆಗುತ್ತದೆ, ಅದಕ್ಕೇ ಅದು ಗಮನಕ್ಕೂ ಬರುವುದಿಲ್ಲ. ಕ್ಯಾಪ್ಷನ್‌ಗೆ ಅಡ್ಡಿಯಾಗುವುದು ಅದೇ. "ಗೇಟು", "ಬಲ್ಬು", "ತುಂಬಾ ಎಮೋಷನಲ್ ಆಯ್ತು" ಇವೆಲ್ಲ ಈಗ ಕನ್ನಡವೇ. ಅಲ್ಲಿ ಇಂಗ್ಲಿಷ್ ತನ್ನ ದನಿಯಲ್ಲಿ ಮಾತಾಡುತ್ತಿಲ್ಲ. ಇಂಗ್ಲಿಷಿನ ತಣ್ಣನೆಯ ದನಿ ಬೇಕಾದರೆ ಅದಕ್ಕೆ ಪೂರ್ತಿ ಒಂದು ವಾಕ್ಯ ಕೊಡಬೇಕು. ಅಂದರೆ ಭಾಷೆ ಬದಲಿಸುವ ಜಾಗ ಚುಕ್ಕಿಯ ಹತ್ತಿರ, ವಾಕ್ಯದ ನಡುವೆ ಅಲ್ಲ.

ಇದರ ತಿರುಗುಮುರುಗು ಇನ್ನೂ ಕೆಟ್ಟದು: ಇಡೀ ಸಾಲು ಇಂಗ್ಲಿಷಿನಲ್ಲಿದ್ದು ನಡುವೆ "ಮನೆ", "ಅಜ್ಜಿ", "ಪ್ರೀತಿ" ಎಂಬ ಒಂದೊಂದು ಕನ್ನಡ ಪದ ಉದುರಿಸುವುದು. ಕಾಫಿ ಬ್ರ್ಯಾಂಡಿನ ಜಾಹೀರಾತುಗಳು ಅದನ್ನು ಬಳಸಿ ಬಳಸಿ ಸವೆಸಿವೆ. ಅಲ್ಲಿ ಕನ್ನಡ ಅಲಂಕಾರ, ಯಾರನ್ನೂ ಮಾತಾಡಿಸುವುದಿಲ್ಲ.

ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವ ಆಸೆಯನ್ನೂ ಈ ಒಂದು ಪೋಸ್ಟಿಗೆ ತಡೆಯಿರಿ. ಹ್ರಸ್ವ, ದೀರ್ಘ, ಲ, ಳ ಎಲ್ಲ ಕಲಸಿಹೋಗುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಎರಡೂ ಸಾಲು ಒಂದೇ ಲಿಪಿಯಲ್ಲಿದ್ದರೆ ದನಿ ಎಲ್ಲಿ ಬದಲಾಯಿತು ಎಂದು ಕಣ್ಣಿಗೆ ಕಾಣುವುದೇ ಇಲ್ಲ. ಕನ್ನಡ ಕೇಳಿದರೆ ಅರ್ಥವಾಗುವ, ಓದಲು ಬಾರದ ಸಂಬಂಧಿಕರು ಹೊರದೇಶದಲ್ಲಿ ಇದ್ದರೆ ಅವರ ಕಷ್ಟ ನಿಜ. ಅವರಿಗೆ ಆ ಸಾಲನ್ನು ನಿಮ್ಮ ದನಿಯಲ್ಲಿ ಹೇಳಿ ವಾಟ್ಸಾಪ್ ಮಾಡಿ. ಮೂರನೇ ಆವೃತ್ತಿಯನ್ನು ಕ್ಯಾಪ್ಷನ್ ಹೊರಲಾರದು.

ಇಷ್ಟೆಲ್ಲ ಓದಿ, ಕನ್ನಡ ಎಂದರೆ ಹೃದಯ, ಇಂಗ್ಲಿಷ್ ಎಂದರೆ ಆಫೀಸು ಎಂದು ಗಂಟು ಹಾಕಿಕೊಳ್ಳಬೇಡಿ. ಈ ಫೋಟೊಗೆ ಹಾಗೆ ಒದಗಿತು ಅಷ್ಟೆ. ಬೆಂಗಳೂರಿನಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಅಣ್ಣತಂಗಿಯರು ಜಗಳವಾಡುವುದು ಇಂಗ್ಲಿಷಿನಲ್ಲೇ, ಅವರ ಸಲಿಗೆಯ ಭಾಷೆ ಅದೇ. ಅದೇ ಮನೆಯ ಬಾಗಿಲ ಚೌಕಟ್ಟಿನಲ್ಲಿ ಮಕ್ಕಳ ಎತ್ತರಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿದ್ದರೆ, ಅದರ ಫೋಟೊಗೆ ಕೆಲಸಗಳು ಹೀಗೆ ಅದಲುಬದಲಾಗುತ್ತವೆ:

```
Chinnu, you still owe me an inch.

ಅಜ್ಜಿ ಅಳತೆ ಹಾಕಿದ್ದು. ತಪ್ಪಿರಲ್ಲ.
```

ಇಲ್ಲಿ ಕೀಟಲೆ ಇಂಗ್ಲಿಷಿನದು, ತೀರ್ಪು ಕನ್ನಡದ್ದು. ಅಜ್ಜಿಯ ಮಾತು ಬಂದ ಮೇಲೆ ಮನೆಯಲ್ಲಿ ವಾದ ಮುಗಿಯುತ್ತಿತ್ತು, ಆ ಅಧಿಕಾರ ಅವರ ಭಾಷೆಯಲ್ಲೇ ಬರಬೇಕು. ಎರಡು ಫೋಟೊಗಳನ್ನೂ ಹಾಕುವುದಾದರೆ ಬೇರೆ ಬೇರೆ ದಿನ ಹಾಕಿ. ಒಂದೇ ಪೋಸ್ಟಿನಲ್ಲಿ ಸೇರಿಸಿದರೆ ಕ್ಯಾಪ್ಷನ್ ಒಂದೇ ಇರುತ್ತದೆ, ಕೀಟಲೆಯ ಪಕ್ಕದಲ್ಲಿ ಬಾಗಿಲಿನ ಸಾಲು ಸೊರಗುತ್ತದೆ.

ಉಳಿದದ್ದನ್ನು ಕ್ಯಾಪ್ಷನ್‌ನಿಂದ ಹೊರಗೆ ಹಾಕಿ. ಊರಿನ ಹೆಸರಿಗೆ ಲೊಕೇಶನ್ ಟ್ಯಾಗ್ ಇದೆ. ಫೋಟೊದಲ್ಲಿ ಏನಿದೆ ಎಂಬ ವಿವರವನ್ನು ಆಲ್ಟ್ ಟೆಕ್ಸ್ಟ್ ಜಾಗದಲ್ಲಿ ಒಂದೇ ಭಾಷೆಯಲ್ಲಿ ನೇರವಾಗಿ ಬರೆಯಿರಿ, ಸ್ಕ್ರೀನ್ ರೀಡರ್ ಬಳಸುವವರಿಗೆ ಅದು ಬೇಕಾಗುತ್ತದೆ. ಹ್ಯಾಷ್‌ಟ್ಯಾಗ್ ಹಾಕುವುದಾದರೆ ಅಜ್ಜಿಮನೆಗೆ ಕನ್ನಡದಲ್ಲೊಂದು, ಅದರದೇ ಇಂಗ್ಲಿಷ್ ಇನ್ನೊಂದು ಎಂದು ಜೋಡಿ ಮಾಡಬೇಡಿ, ಬಾಗಿಲಲ್ಲಿ ಕಳಿಸಿದ ಅನುವಾದ ಕಿಟಕಿಯಲ್ಲಿ ಬಂದಂತಾಗುತ್ತದೆ. ಯಾರಾದರೂ ಕಾಮೆಂಟಿನಲ್ಲಿ ಮೇಲಿನ ಸಾಲಿನ ಅರ್ಥ ಕೇಳೇ ಕೇಳುತ್ತಾರೆ. ಅಲ್ಲಿ ಅವರ ಹೆಸರು ಹಿಡಿದು ಇಂಗ್ಲಿಷಿನಲ್ಲಿ ಹೇಳಿ: ಹೊರಡುವಾಗ ಅಜ್ಜಿಗೆ ಹೀಗೆ ಹೇಳಿ ಬರುತ್ತಿದ್ದೆವು ಎಂದು. ಕ್ಯಾಪ್ಷನ್ ಎಡಿಟ್ ಮಾಡಿ ಅದನ್ನು ಮೇಲೆ ತರಬೇಡಿ.